ಎರಡರ ಘಾತ ನೂರ ತೊಂಬತ್ತಾರು

ಸೊನ್ನೆ ಬಿಂದು ಮೂರು ಸೊನ್ನೆ ಒಂದು ಸೊನ್ನೆ. ಹನ್ನೊಂದು ವರ್ಷ ಈ ಸಂಖ್ಯೆಯನ್ನು ನಾನು ಮಕ್ಕಳ ಬಾಯಲ್ಲಿ ಹೇಳಿಸಿದ್ದೇನೆ. ಎರಡರ ಲಾಗ್ ಎಷ್ಟು ಅಂತ ಕೇಳಿದರೆ ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದವರೂ ಕಣ್ಣು ಬಿಡದೆ ಹೇಳುತ್ತಿದ್ದರು. ರಾಮನಗರದ ಆ ಕಾಲೇಜಿನಲ್ಲಿ ನಾನು ಪಿಯುಸಿಗೆ ಗಣಿತ ಹೇಳುತ್ತಿದ್ದ ಪಾರ್ಟ್ ಟೈಮ್ ಉಪನ್ಯಾಸಕಿ. ಪಾರ್ಟ್ ಟೈಮ್ ಅನ್ನುವುದು ಸಂಬಳಕ್ಕೆ ಮಾತ್ರ. ಕೆಲಸವೆಲ್ಲ ಫುಲ್ ಟೈಮೇ. ಪ್ರತಿ ಜೂನ್ ಬಂದಾಗ ಮುಂದಿನ ವರ್ಷಕ್ಕೆ ನನ್ನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ ಅಂತ ಪ್ರಿನ್ಸಿಪಾಲರ ಮುಖ ನೋಡುತ್ತಾ ಕೂರಬೇಕಿತ್ತು.

ಆಗ ಬಿಡದಿ ಕಡೆ ಕಾರ್ಖಾನೆಗಳು ಒಂದರ ಹಿಂದೆ ಒಂದು ಏಳುತ್ತಿದ್ದ ದಿನಗಳು. ನಿನ್ನೆ ರಾಗಿ ಹೊಲ ಇದ್ದ ಕಡೆ ಇವತ್ತು ಕಾಂಪೌಂಡು, ನಾಳೆ ಗೇಟು, ಗೇಟಿನಲ್ಲಿ ಸೆಕ್ಯುರಿಟಿ. ಅಂಥ ಒಂದು ಕಾರ್ಖಾನೆಯವರು ಎರಡು ವರ್ಷದ ತರಬೇತಿಗೆ ಹುಡುಗ ಹುಡುಗಿಯರನ್ನು ತೆಗೆದುಕೊಳ್ಳುತ್ತೇವೆ, ಊಟ, ಹಾಸ್ಟೆಲ್ಲು, ಕೈಗೊಂದಿಷ್ಟು ಸ್ಟೈಪೆಂಡು ಕೊಡುತ್ತೇವೆ, ಆಮೇಲೆ ಕೆಲಸ ಅಂತ ಹೇಳಿ, ಅದಕ್ಕೆ ಲಿಖಿತ ಪರೀಕ್ಷೆ ಮಾಡಿಕೊಡುವ ಹೊಣೆಯನ್ನು ನಮ್ಮ ಕಾಲೇಜಿಗೆ ವಹಿಸಿದರು. ಮಾಗಡಿ, ಕನಕಪುರ, ಚನ್ನಪಟ್ಟಣ ಎಲ್ಲ ಕಡೆಯಿಂದ ನೂರ ನಲವತ್ತು ಜನ ಬಂದು ಬರೆದರು. ಐವತ್ತು ಅಂಕದ ಗಣಿತದ ಪತ್ರಿಕೆ. ಮೂವತ್ತು ಬಂದವರನ್ನು ಮಾತ್ರ ಸಂದರ್ಶನಕ್ಕೆ ಕರೆಯುತ್ತಾರೆ. ಇಪ್ಪತ್ತೊಂಬತ್ತೂವರೆ ಬಂದರೂ ಮನೆಗೆ.

ಪ್ರಶ್ನೆಪತ್ರಿಕೆ ತೆಗೆದವರು ನಮ್ಮ ಪ್ರಿನ್ಸಿಪಾಲರು. ಅವರೂ ಗಣಿತದವರೇ. ಉತ್ತರದ ಕೀ ಬರೆದು ಸಹಿ ಹಾಕಿದವಳು, ನೂರ ನಲವತ್ತು ಪತ್ರಿಕೆ ತಿದ್ದಿದವಳು ನಾನು. ಹನ್ನೆರಡನೇ ಪ್ರಶ್ನೆ ಹೀಗಿತ್ತು: 2ರ ಘಾತ 196ರಲ್ಲಿ ಎಷ್ಟು ಅಂಕಿಗಳಿವೆ? ಅದರ ಮೊದಲ ಅಂಕಿ ಯಾವುದು? log 2 = 0.3010 ಎಂದು ಕೊಟ್ಟಿದೆ. ಅಂಕಿಗಳ ಲೆಕ್ಕಕ್ಕೆ ಒಂದು ಅಂಕ, ಮೊದಲ ಅಂಕಿಗೆ ಇನ್ನೊಂದು. ನೂರ ತೊಂಬತ್ತಾರೇ ಯಾಕೆ ಸಾರ್ ಅಂತ ಕೇಳಿದ್ದೆ. ನೂರು, ಐವತ್ತು ಎಲ್ಲ ಹುಡುಗರಿಗೆ ಬಾಯಿಪಾಠ ಆಗಿಬಿಟ್ಟಿದೆ, ಇದು ಹದಿನಾಲ್ಕರ ವರ್ಗ, ನೋಡೋಕೂ ಚೆನ್ನಾಗಿದೆ ಅಂದರು. ನೋಡೋಕೆ ಚೆನ್ನಾಗಿರುವ ಸಂಖ್ಯೆಗಳಿಂದ ನನಗೆ ಆಮೇಲೆ ಯಾವತ್ತೂ ಒಳ್ಳೆಯದಾಗಿಲ್ಲ.

ಇಂಥ ಲೆಕ್ಕ ಮಾಡುವ ದಾರಿ ಸುಲಭ. ಹತ್ತರ ಲಾಗ್ ಒಂದು, ನೂರರದ್ದು ಎರಡು, ಸಾವಿರದ್ದು ಮೂರು. ಹಾಗಾಗಿ ಮೂರಂಕಿಯ ಯಾವ ಸಂಖ್ಯೆಯ ಲಾಗ್ ಆದರೂ ಎರಡರಿಂದ ಶುರುವಾಗಿ ಮೂರನ್ನು ಮುಟ್ಟುವುದಿಲ್ಲ. ಅಂದರೆ ಲಾಗಿನಲ್ಲಿ ಬಿಂದುವಿಗೆ ಮುಂಚೆ ಎಷ್ಟಿದೆಯೋ ಅದಕ್ಕೆ ಒಂದು ಸೇರಿಸಿದರೆ ಅಂಕಿಗಳ ಲೆಕ್ಕ ಸಿಕ್ಕಿತು. ಬಿಂದುವಿನ ನಂತರ ಇರುವುದನ್ನು ಆಂಟಿಲಾಗ್ ಟೇಬಲ್ಲಿನಲ್ಲಿ ನೋಡಿದರೆ ಮೊದಲ ಅಂಕಿ ಸಿಗುತ್ತದೆ. ಕ್ಲಾಸಿನಲ್ಲಿ ನಾನು ಏಳರ ಘಾತ ಇಪ್ಪತ್ತನ್ನು ಮಾಡಿ ತೋರಿಸುತ್ತಿದ್ದೆ. ಏಳರ ಲಾಗ್ 0.8451, ಇಪ್ಪತ್ತರಿಂದ ಗುಣಿಸಿದರೆ 16.902. ಹದಿನಾರಕ್ಕೆ ಒಂದು ಸೇರಿ ಹದಿನೇಳು ಅಂಕಿ. 0.902ರ ಆಂಟಿಲಾಗ್ 7.98, ಮೊದಲ ಅಂಕಿ ಏಳು. ಅಷ್ಟು ದೊಡ್ಡ ಸಂಖ್ಯೆಯನ್ನು ಬರೆಯದೆಯೇ ಅದರ ಉದ್ದ ಮತ್ತು ಮೂತಿ ಎರಡೂ ಗೊತ್ತಾಯಿತಲ್ಲ ಅಂದರೆ ಮಕ್ಕಳು ನಗುತ್ತಿದ್ದರು. ಬೋರ್ಡಿನ ಮೇಲೆ ಇದಕ್ಕಿಂತ ಖುಷಿ ಕೊಡುವ ಲೆಕ್ಕ ನನಗೆ ಬೇರೆ ಇರಲಿಲ್ಲ.

ಕೀಯಲ್ಲಿ ನಾನು ಬರೆದದ್ದು ಇದು: 0.3010 × 196 = 58.996. ಐವತ್ತೆಂಟಕ್ಕೆ ಒಂದು ಸೇರಿ 59 ಅಂಕಿ. 0.996ರ ಆಂಟಿಲಾಗ್ 9.908, ಮೊದಲ ಅಂಕಿ 9. ಒಂದು ನಿಮಿಷದ ಕೆಲಸ. ಸಹಿ ಹಾಕಿ ಮೊಹರು ಒತ್ತಿ ಕೊಟ್ಟೆ.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಫಲಿತಾಂಶ ನೋಟಿಸ್ ಬೋರ್ಡಿಗೆ ಹಾಕಿದೆವು. ನಾಲ್ಕು ಗಂಟೆಗೆ ಕಾರ್ಖಾನೆಯ ವ್ಯಾನು ಬಂದು ಸಂದರ್ಶನದ ಪಟ್ಟಿಯನ್ನೂ ಉತ್ತರಪತ್ರಿಕೆಗಳನ್ನೂ ಒಯ್ಯುವುದಿತ್ತು. ಹತ್ತೂವರೆಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ಒಬ್ಬಳು ಹುಡುಗಿ ಬಂದು ನಿಂತಳು. ಕೈಲಾಂಚದ ಕಡೆಯವಳು, ಹಿಂದಿನ ವರ್ಷ ನನ್ನ ಕ್ಲಾಸಿನಲ್ಲೇ ಪಿಯುಸಿ ಮುಗಿಸಿದವಳು. ಮಾತು ಕಡಿಮೆ. ಎರಡು ವರ್ಷದಲ್ಲಿ ಅವಳು ಒಂದೇ ಒಂದು ಸಲ ಕೈ ಎತ್ತಿದ ನೆನಪು, ಅದೂ ನೀರು ಕುಡಿಯೋಕೆ ಹೋಗಲಾ ಅಂತ ಕೇಳೋಕೆ.

"ಮೇಡಂ, ನಂಗೆ ಇಪ್ಪತ್ತೆಂಟು ಬಂದೈತೆ. ಪೇಪರ್ ಒಸಿ ನೋಡ್ಬೋದಾ?"

ನೋಡುವ ಹಾಗಿಲ್ಲ ಅಂದೆ. ಅವಳು ಹೋಗಲಿಲ್ಲ. ಬಾಗಿಲಿನ ಚೌಕಟ್ಟಿಗೆ ಕೈ ಇಟ್ಟುಕೊಂಡು ನಿಂತಳು. ಆಗ ನನ್ನ ಕಣ್ಣಿಗೆ ಬಿದ್ದದ್ದು ಅವಳ ಬೆರಳುಗಳು. ತುದಿಗಳೆಲ್ಲ ಬೆಳ್ಳಗೆ ನೆನೆದು, ಸುಕ್ಕುಗಟ್ಟಿ, ಒಂದೆರಡು ಕಡೆ ಒಡೆದಿದ್ದವು. ನಮ್ಮೂರಿನಲ್ಲಿ ಆ ಬೆರಳುಗಳನ್ನು ನೋಡಿದವರು ಏನು ಎತ್ತ ಅಂತ ಕೇಳುವುದಿಲ್ಲ. ರೇಷ್ಮೆ ರೀಲಿಂಗಿನಲ್ಲಿ ಕುದಿಯುವ ನೀರಿನಿಂದ ಗೂಡಿನ ಎಳೆ ತೆಗೆಯುವವರ ಬೆರಳು ಅವು.

"ರೀಲಿಂಗಿಗೆ ಹೋಗ್ತಿದೀಯಾ?"

"ಅವ್ವನ ಜೊತೆ ಹೋಯ್ತೀನಿ ಮೇಡಂ. ಪರೀಕ್ಷೆ ಬರೆದಿದ್ದೀನಿ, ರಿಸಲ್ಟ್ ಬರ್ಲಿ ಅಂತ ಮಾಲೀಕರಿಗೆ ಹೇಳಿದ್ದೆ. ಇವತ್ತು ಸಂಜೆ ಒಳಗೆ ಹೇಳು, ಇಲ್ಲಾಂದ್ರೆ ನಾಳೆಯಿಂದ ಒಂದು ಬೇಸಿನ್ ನಿಂಗೇ ಕಾಯಂ ಅಂದವ್ರೆ. ಅಪ್ಪನೂ ಹೂಂ ಅಂದ್ಬುಟ್ಟೈತೆ."

ಬೇಸಿನ್ ಅಂದರೆ ಬಿಸಿನೀರಿನ ತೊಟ್ಟಿ. ಒಂದು ಸಲ ಅದರ ಮುಂದೆ ಕೂತವರು ಸಲೀಸಾಗಿ ಏಳುವುದಿಲ್ಲ. ನನಗೆ ಮರುಕ ಬಂತು, ಮರುಕದ ಜೊತೆ ಸಿಟ್ಟೂ ಬಂತು. ಎರಡು ಅಂಕಕ್ಕೆ ಹೋಯಿತಲ್ಲ ಅಂತ. ನಿಯಮ ಗಿಯಮ ಹಾಳಾಗಲಿ ಅಂದುಕೊಂಡು ಕಟ್ಟು ಬಿಚ್ಚಿ ಅವಳ ಪತ್ರಿಕೆ ತೆಗೆದು ಅವಳಿಗೂ ಕಾಣುವ ಹಾಗೆ ಮೇಜಿನ ಮೇಲೆ ಇಟ್ಟೆ.

ಸಿಟ್ಟು ಇಮ್ಮಡಿಯಾಯಿತು. ಐದು ಅಂಕದ ಹದಿನೆಂಟನೇ ಪ್ರಶ್ನೆಯನ್ನು ಮುಟ್ಟೇ ಇರಲಿಲ್ಲ ಪುಣ್ಯಾತ್ಗಿತ್ತಿ. ಅದು ಕ್ಲಾಸಿನಲ್ಲಿ ಹತ್ತು ಸಲ ಮಾಡಿಸಿದ ಲೆಕ್ಕ. ಎರಡೇ ಅಂಕದ ಹನ್ನೆರಡನೆಯದಕ್ಕೆ ಮಾತ್ರ ಮುಕ್ಕಾಲು ಪುಟ ಗೀಚಿದ್ದಳು. ಮೊದಲು 58.996 ಅಂತ ಸರಿಯಾಗಿಯೇ ಬರೆದು, ಅದನ್ನು ಹೊಡೆದು, ಏನೇನೋ ಗುಣಾಕಾರ ಮಾಡಿ, ಕೊನೆಗೆ "60 ಅಂಕಿಗಳು, ಮೊದಲ ಅಂಕಿ 1" ಅಂತ ಬರೆದಿದ್ದಳು. ಪಕ್ಕದಲ್ಲಿ ನನ್ನ ಕೆಂಪು ಇಂಕು: ಎರಡು ಸೊನ್ನೆ, ಕೆಳಗೆ ಒಂದು ಸಾಲು. "ಕೊಟ್ಟದ್ದನ್ನು ಬಿಟ್ಟು ಅತಿಬುದ್ಧಿವಂತಿಕೆ ಬೇಡ."

"ಏನಮ್ಮಾ ಇದು? ಐದು ಅಂಕದ್ದು ಬಿಟ್ಟು ಎರಡು ಅಂಕದ್ದಕ್ಕೆ ಅರ್ಧ ಗಂಟೆ ಕೂತೆಯಾ? log 2 ಕೊಟ್ಟಿದೆ ಅಂತ ಪ್ರಶ್ನೇಲೇ ಬರೆದಿದೆ. ಗುಣಿಸು, ಬರಿ, ಮುಂದಕ್ಕೆ ಹೋಗು. ಇಷ್ಟು ಆಗಲ್ವಾ ನಿನ್ನ ಕೈಲಿ?"

"ಗುಣಿಸ್ದೆ ಮೇಡಂ. ಐವತ್ತೊಂಬತ್ತಕ್ಕೆ ತೀರಾ ಹತ್ರ ಬಂತು. ಭಯ ಆಯ್ತು."

"ಭಯ ಯಾಕೆ? ಹತ್ರ ಬಂದ್ರೆ ಬರ್ಲಿ."

"ಟೇಬಲ್ಲಿನಲ್ಲಿ ನಾಲ್ಕೇ ಅಂಕಿ ಇರ್ತವೆ, ಐದನೇದನ್ನ ಕತ್ತರಿಸಿರ್ತಾರೆ ಅಂತ ನೀವೇ ಹೇಳಿದ್ರಿ. ಕತ್ತರಿಸಿದ್ದನ್ನ ನೂರ ತೊಂಬತ್ತಾರು ಸಲ ಬಿಟ್ಟಂಗಾಯ್ತದೆ ಅಲ್ವಾ? ಅದೂ ಸೇರಿ ದಾಟ್ಬುಟ್ರೆ ಅಂತ."

ನಾನೇ ಹೇಳಿದ್ದೆನಂತೆ. ಹೇಳಿರಬಹುದು. ಟೇಬಲ್ ಪುಸ್ತಕ ಹಂಚುವ ದಿನ ಪ್ರತಿ ವರ್ಷ ಹೇಳುವ ಮಾತು ಅದು. ಹೇಳಿ ಮರೆತುಬಿಡುವ ಮಾತು. ಯಾರೂ ಕೇಳಿಸಿಕೊಳ್ಳುವುದಿಲ್ಲ ಅನ್ನುವ ಧೈರ್ಯದ ಮೇಲೆ ನಾವು ಎಷ್ಟೆಲ್ಲ ಹೇಳಿರುತ್ತೇವೆ!

"ತಪ್ಪು ಅನ್ಸಿದ್ಮೇಲೆ ಬರೆದು ಮುಂದಕ್ಕೆ ಹೋಗೋಕೆ ಆಗ್ಲಿಲ್ಲ ಮೇಡಂ. ಒಸಿ ಗುಣಿಸಿ ನೋಡಿ," ಅಂದಳು.

ಗುಣಿಸಿ ನೋಡಿದೆ. ನಿಂತುಕೊಂಡೇ ಶುರು ಮಾಡಿದವಳು ಎರಡನೇ ಸಾಲಿಗೆ ಕೂತುಬಿಟ್ಟೆ. ಅವಳು ಲಾಗನ್ನೇ ಪಕ್ಕಕ್ಕಿಟ್ಟಿದ್ದಳು. ಎರಡರ ಘಾತ ಹತ್ತು ಅಂದರೆ 1024, ಅಂದರೆ 1.024 × ಸಾವಿರ. 196 ಅಂದರೆ ಹತ್ತೊಂಬತ್ತು ಹತ್ತುಗಳು, ಮೇಲೆ ಆರು. ಹಾಗಾಗಿ ಬೇಕಾದ ಸಂಖ್ಯೆ ಅಂದರೆ 1.024ರ ಘಾತ 19, ಅದಕ್ಕೆ ಗುಣಿಸು 64, ಅದಕ್ಕೆ ಮತ್ತೆ ಗುಣಿಸು ಹತ್ತರ ಘಾತ 57. ಈಗ 1.024ರ ಘಾತ 19ನ್ನು 64ರಿಂದ ಗುಣಿಸಿದರೆ ನೂರು ದಾಟುತ್ತದಾ ಇಲ್ಲವಾ, ಇಷ್ಟೇ ಪ್ರಶ್ನೆ. ದಾಟಿದರೆ ಅರವತ್ತು ಅಂಕಿ, ಮೊದಲನೆಯದು ಒಂದು. ದಾಟದಿದ್ದರೆ ಐವತ್ತೊಂಬತ್ತು ಅಂಕಿ, ಮೊದಲನೆಯದು ಒಂಬತ್ತು.

ಅವಳು ವರ್ಗ ಮಾಡುತ್ತಾ ಹೋಗಿದ್ದಳು. ಪ್ರತಿ ಸಲ ನಾಲ್ಕು ದಶಮಾಂಶ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟಿದ್ದಳು. ಮೇಲಕ್ಕೆ ಏರಿಸಿರಲಿಲ್ಲ, ಪ್ರತಿ ಸಲವೂ ಕೆಳಕ್ಕೇ ಕತ್ತರಿಸಿದ್ದಳು. ಘಾತ ಎರಡು, 1.0485. ನಾಲ್ಕು, 1.0993. ಎಂಟು, 1.2084. ಹದಿನಾರು, 1.4602. ಇನ್ನು ಮೂರು ಬೇಕು, ಅದು 1.0736. ಎರಡನ್ನೂ ಗುಣಿಸಿದರೆ 1.5676. ಅರವತ್ತನಾಲ್ಕರಿಂದ ಗುಣಿಸಿದರೆ 100.32. ಕೊನೆಯಲ್ಲಿ ಪುಟ್ಟ ಅಕ್ಷರದಲ್ಲಿ ಒಂದು ಸಾಲು: "ಎಲ್ಲಾ ಕಡೆ ಕಡಿಮೆ ಮಾಡಿದ್ದೇನೆ, ಆದರೂ ನೂರು ದಾಟಿದೆ."

ಇದಕ್ಕಿಂತ ಗಟ್ಟಿಯಾದ ಉತ್ತರ ನೂರ ನಲವತ್ತು ಪತ್ರಿಕೆಯಲ್ಲಿ ಇನ್ನೊಂದಿರಲಿಲ್ಲ. ನಾನು ಕೆಳಗಿನ ಉತ್ತರ ನೋಡಿ ಸೊನ್ನೆ ಸುತ್ತಿದ್ದೆ, ಮೇಲಿನದನ್ನು ಓದಿಯೇ ಇರಲಿಲ್ಲ. ಓದದೇ ಬುದ್ಧಿ ಬೇರೆ ಹೇಳಿದ್ದೆ.

ಎರಡರ ಲಾಗ್ ನಿಜಕ್ಕೂ 0.30103. ನಮ್ಮ ಟೇಬಲ್ಲಿನಲ್ಲಿ ಕೊನೆಯ 3 ಬಿದ್ದುಹೋಗಿರುತ್ತದೆ. ಅಷ್ಟಕ್ಕೆ ಯಾರಿಗೂ ಏನೂ ನಷ್ಟವಾಗುವುದಿಲ್ಲ, ನೂರರಲ್ಲಿ ತೊಂಬತ್ತೊಂಬತ್ತು ಲೆಕ್ಕಕ್ಕೆ. ಆದರೆ 0.00003ನ್ನು 196ರಿಂದ ಗುಣಿಸಿದರೆ 0.00588. ಅದನ್ನು 58.996ಕ್ಕೆ ಸೇರಿಸಿದರೆ 59.00188. ಐವತ್ತೊಂಬತ್ತನ್ನು ಕೂದಲೆಳೆಯಷ್ಟು ದಾಟಿತು. ಅಂಕಿಗಳ ಲೆಕ್ಕವೂ ತಪ್ಪು, ಮೊದಲ ಅಂಕಿಯೂ ತಪ್ಪು. ಲೋಕದಲ್ಲಿರುವ ಘಾತಗಳನ್ನೆಲ್ಲ ಬಿಟ್ಟು ನಮ್ಮ ಪ್ರಿನ್ಸಿಪಾಲರ ಕಣ್ಣಿಗೆ ಚೆನ್ನಾಗಿ ಕಂಡದ್ದು ಇದೇ.

"ಇಲ್ಲೇ ಕೂತಿರು," ಅಂತ ಹೇಳಿ ಪತ್ರಿಕೆ ಹಿಡಿದು ಪ್ರಿನ್ಸಿಪಾಲರ ಕೋಣೆಗೆ ಹೋದೆ.

ಅವರು ಟಿವಿಯಲ್ಲಿ ಕ್ರಿಕೆಟ್ ಹಾಕಿ ಸೌಂಡ್ ತೆಗೆದು ಕೂತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿದರು, ಅವಳ ಪುಟವನ್ನು ಕಣ್ಣಿನಿಂದ ಒಂದು ಸುತ್ತು ಹಾಕಿದರು. "ಮೇಡಂ, ಇಷ್ಟುದ್ದ ಯಾರು ನೋಡ್ತಾರೆ? ಎಲ್ಲೋ ಒಂದು ಕಡೆ ಗುಣಾಕಾರ ತಪ್ಪಿರ್ತದೆ."

"ನಾನು ಎರಡು ಸಲ ಮಾಡಿದೆ ಸಾರ್."

"ನೀವು ಕೀ ಬರೆಯೋವಾಗಲೂ ಮಾಡಿದ್ರಿ."

ಕ್ಯಾಲ್ಕುಲೇಟರಿನಲ್ಲಿ ತೋರಿಸುತ್ತೇನೆ ಅಂದೆ. ನನ್ನ ಮೊಬೈಲಿನಲ್ಲಿದ್ದ ಕ್ಯಾಲ್ಕುಲೇಟರು ಇಪ್ಪತ್ತೇಳು ಸಲ ಎರಡರಿಂದ ಗುಣಿಸುವಷ್ಟರಲ್ಲಿ ಎರರ್ ಅಂತ ಕೈ ಎತ್ತಿತು. ಸೈಂಟಿಫಿಕ್ ಕ್ಯಾಲ್ಕುಲೇಟರು ಇದ್ದದ್ದು ಫಿಸಿಕ್ಸ್ ಲ್ಯಾಬಿನ ಬೀರುವಿನಲ್ಲಿ. ಮಕ್ಕಳು ಮುಟ್ಟಿ ಹಾಳು ಮಾಡುತ್ತಾರೆ ಅಂತ ಕೊಂಡ ದಿನದಿಂದ ಅದಕ್ಕೆ ಬೀಗ. ಬೀಗದ ಕೈ ಅಟೆಂಡರ ಹತ್ತಿರ. ಅಟೆಂಡರು ರಜೆ, ಅವರ ಮನೆಯ ರೇಷ್ಮೆಹುಳ ಗೂಡು ಕಟ್ಟಿ ಮುಗಿಸಿದ್ದರಿಂದ ಗೂಡನ್ನು ಅವತ್ತೇ ಮಾರ್ಕೆಟ್ಟಿಗೆ ತಂದಿದ್ದರು. ನಮ್ಮ ಕಡೆ ಯಾವ ಕೆಲಸ ಬೇಕಾದರೂ ನಿಲ್ಲುತ್ತದೆ, ಗೂಡು ಮಾತ್ರ ನಿಲ್ಲುವುದಿಲ್ಲ. ತಡ ಮಾಡಿದರೆ ಒಳಗಿನ ಹುಳ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ.

ಫೋನ್ ಮಾಡಿದರೆ ಎತ್ತಲಿಲ್ಲ. ಆಟೋ ಹತ್ತಿ ಗೂಡಿನ ಮಾರ್ಕೆಟ್ಟಿಗೆ ಹೋದೆ. ಒಳಗೆ ಆ ವಾಸನೆ, ಆ ಗಲಾಟೆ. ಉದ್ದಕ್ಕೆ ಟ್ರೇಗಳಲ್ಲಿ ಹಳದಿ ಗೂಡಿನ ರಾಶಿ. ಗೂಡು ಕೊಳ್ಳಲು ಬಂದ ರೀಲರುಗಳು ಕೈ ಹಾಕಿ ಹಾಕಿ, ಕಿವಿಯ ಹತ್ತಿರ ಗೂಡು ಅಲ್ಲಾಡಿಸಿ ನೋಡುತ್ತಿದ್ದರು. ಅರ್ಧ ಗಂಟೆ ಹುಡುಕಿದ ಮೇಲೆ ನಮ್ಮ ಅಟೆಂಡರು ತಮ್ಮ ಟ್ರೇಗಳ ಮುಂದೆ ಕಾವಲು ನಿಂತದ್ದು ಕಂಡರು.

"ಲ್ಯಾಬ್ ಕೀ ಕೊಡಿ. ಅರ್ಜೆಂಟು."

"ಏನಾಯ್ತು ಮೇಡಂ, ಬೆಂಕಿ ಗಿಂಕಿ ಬಿತ್ತಾ?"

"ಕ್ಯಾಲ್ಕುಲೇಟರ್ ಬೇಕು."

ಅವರು ನನ್ನ ಮುಖವನ್ನೇ ನೋಡಿದರು. "ಕ್ಯಾಲ್ಕುಲೇಟರ್‌ಗೆ ಇಲ್ಲಿಗಂಟ ಬಂದ್ರಾ? ನನ್ ಲಾಟು ಇನ್ನೂ ಹರಾಜು ಕೂಗಿಲ್ಲ, ಕೂಗ್ಲಿ, ನಾನೇ ಬತ್ತೀನಿ. ಬೀರು ಬೀಗ ನಿಮ್ಗೆ ತೆಗೆಯಕ್ಕಾಗಲ್ಲ, ಅದನ್ನ ಒಸಿ ಎತ್ತಿ ತಿರುಗಿಸ್ಬೇಕು."

ಎತ್ತಿ ತಿರುಗಿಸುತ್ತೇನೆ ಕೊಡಿ ಅಂತ ಜಗಳವಾಡಿ ಬೀಗದ ಕೈ ಈಸಿಕೊಂಡು ಬಂದೆ. ಎತ್ತಿ ತಿರುಗಿಸಿ ಹೆಬ್ಬೆರಳು ಕೆಂಪಗಾದ ಮೇಲೆ ಬೀರು ತೆರೆಯಿತು. ಕ್ಯಾಲ್ಕುಲೇಟರು ಹೊಸ ಡಬ್ಬಿಯಲ್ಲಿ, ಪ್ಲಾಸ್ಟಿಕ್ ಹಾಳೆ ಕೂಡ ಕೀಳದೆ ಕೂತಿತ್ತು. ಒತ್ತಿದರೆ ಏನೂ ಬರಲಿಲ್ಲ. ಸೆಲ್ಲು ಸತ್ತು ಎಷ್ಟು ವರ್ಷವಾಗಿತ್ತೋ. ನನಗೆ ಅಳು ಬಂತು. ಅತ್ತರೆ ಆಗುವಂಥದ್ದೇನೂ ಇರಲಿಲ್ಲವಾದ್ದರಿಂದ ಸೀದಾ ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಅವರು ನೋಡುತ್ತಿದ್ದ ಹಾಗೆಯೇ ಟಿವಿ ರಿಮೋಟು ತೆಗೆದುಕೊಂಡು, ಹಿಂದಿನ ಮುಚ್ಚಳ ಕಿತ್ತು ಸೆಲ್ಲು ತೆಗೆದು ಕ್ಯಾಲ್ಕುಲೇಟರಿಗೆ ಹಾಕಿದೆ. ಎರಡು ಒತ್ತಿ, ಘಾತದ ಗುಂಡಿ ಒತ್ತಿ, ನೂರ ತೊಂಬತ್ತಾರು ಒತ್ತಿದೆ. ಪರದೆಯ ಮೇಲೆ 1.004336278, ಅದರ ಬಲಕ್ಕೆ ಪುಟ್ಟದಾಗಿ 59 ಬಂತು.

"ನೋಡಿ ಸಾರ್. ಹತ್ತರ ಘಾತ ಐವತ್ತೊಂಬತ್ತು. ಅರವತ್ತು ಅಂಕಿ. ಮೊದಲನೇದು ಒಂದು."

ಅವರು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಅವರು ಕೆಟ್ಟವರಲ್ಲ, ಆ ಮಾತು ಈಗಲೂ ಹೇಳುತ್ತೇನೆ. ಆದರೆ ಅವರ ಬಾಯಿಂದ ಬಂದ ಮಾತು ಕೇಳಿ ನನಗೆ ಆ ಮೆಷಿನ್ನನ್ನು ಎತ್ತಿ ಎಸೆಯಬೇಕು ಅನ್ನಿಸಿತು.

"ಇದು ಮೆಷಿನ್ ಹೇಳೋದು. ಪ್ರಶ್ನೇಲಿ ಮೆಷಿನ್ ಇಲ್ವಲ್ಲ ಮೇಡಂ. 0.3010 ಕೊಟ್ಟಿದೀವಿ. ಅದರ ಪ್ರಕಾರ ಐವತ್ತೊಂಬತ್ತು."

"ಪ್ರಶ್ನೆ ಕೇಳಿರೋದು ಎರಡರ ಘಾತ ನೂರ ತೊಂಬತ್ತಾರರಲ್ಲಿ ಎಷ್ಟು ಅಂಕಿ ಇದೆ ಅಂತ. ನಮ್ಮ ಟೇಬಲ್ಲು ಏನು ಹೇಳ್ತದೆ ಅಂತ ಅಲ್ಲ. ನಾವು ಮೂರನ್ನ ಕತ್ತರಿಸಿದ್ವಿ ಅಂತ ಆ ಸಂಖ್ಯೆ ಒಂದು ಅಂಕಿ ಕಡಿಮೆ ಮಾಡ್ಕೊಳ್ಳಲ್ಲ ಸಾರ್."

"ಹಾಗಾದ್ರೆ ಐವತ್ತೊಂಬತ್ತು ಬರೆದ ಮಕ್ಕಳ ತಪ್ಪೇನು? ಕೊಟ್ಟಿದ್ದನ್ನ ತಾನೇ ಗುಣಿಸಿದ್ದು ಅವರು?"

ಈ ಮಾತಿಗೆ ನನ್ನ ಹತ್ತಿರ ಜಗಳವಿರಲಿಲ್ಲ. ಅವರ ಅಂಕ ಇರಲಿ, ಕೊಟ್ಟ ಬೆಲೆ ನಮ್ಮದು, ತಪ್ಪು ನಮ್ಮದು. ಇವಳಿಗೂ ಎರಡು ಕೊಡೋಣ, ಸರಿಯಾದ ಉತ್ತರಕ್ಕೆ ಸೊನ್ನೆ ಇಟ್ಟು ಹೇಗೆ ಕಳಿಸೋದು ಅಂದೆ. ಅವರು ಗೋಡೆ ಗಡಿಯಾರ ನೋಡಿದರು. ಎರಡೂವರೆ. ಪಟ್ಟಿ ಟೈಪಾಗಿದೆ, ಸೀಲಾಗಿದೆ, ಕಾರ್ಖಾನೆಯವರು ಮುಂದಿನ ವರ್ಷ ನಮಗೆ ಪರೀಕ್ಷೆ ಕೊಡ್ತಾರೋ ಇಲ್ವೋ, ಕಾಲೇಜಿನ ಹೆಸರು, ಹೀಗೆ ಒಂದೊಂದೇ ಹೇಳಿದರು. ನಾನು ಎದುರಿಗೆ ನಿಂತೇ ಇದ್ದೆ. ಕೊನೆಗೆ ಒಂದು ಬಿಳಿ ಹಾಳೆ ನನ್ನ ಕಡೆ ತಳ್ಳಿದರು.

"ಕೀಗೆ ಸಹಿ ಮಾಡಿದವರು ನೀವು. ಕೀ ತಪ್ಪಾಗಿದೆ, ತಪ್ಪು ನನ್ನದು ಅಂತ ಬರೆದು ಕೊಡಿ. ಫೈಲಿಗೆ ಹಾಕ್ತೀನಿ. ಪಟ್ಟಿ ಬದಲಾಯಿಸ್ತೀನಿ."

ಮುಂದಿನ ತಿಂಗಳು ಜೂನ್. ಫೈಲಿನಲ್ಲಿ ನನ್ನ ಕೈಬರಹದಲ್ಲಿ ನನ್ನದೇ ತಪ್ಪೊಪ್ಪಿಗೆ. ಪ್ರಶ್ನೆ ತೆಗೆದವರು ಅವರು, 0.3010 ಅಂತ ಕೊಟ್ಟವರು ಅವರು, ಹದಿನಾಲ್ಕರ ವರ್ಗ ಚೆನ್ನಾಗಿದೆ ಅಂದವರು ಅವರು. ಇದೆಲ್ಲ ನಾಲಿಗೆ ತುದಿಗೆ ಬಂದಿತ್ತು. ಆದರೆ ಓದದೆ ಸೊನ್ನೆ ಸುತ್ತಿದವಳು ನಾನೇ, ಅದಕ್ಕೆ ಅವರ ಮೇಲೆ ಹೇಳುವಂತಿರಲಿಲ್ಲ. ಸಿಟ್ಟಿನಲ್ಲಿ ಪೆನ್ನು ಒತ್ತಿ ಒತ್ತಿ ನಾಲ್ಕು ಸಾಲು ಬರೆದೆ. ಹಾಳೆ ಒಂದು ಕಡೆ ತೂತಾಯಿತು.

ಪಟ್ಟಿಯನ್ನು ಮತ್ತೆ ಟೈಪು ಮಾಡಿದ್ದು, ಅಷ್ಟರಲ್ಲಿ ಕರೆಂಟು ಹೋದದ್ದು, ಬಂದದ್ದು, ಪ್ರಿಂಟರು ಕಾಗದ ಕಚ್ಚಿಕೊಂಡದ್ದು, ಅದನ್ನೆಲ್ಲ ಬಿಡಿ. ಮೂರೂ ಮುಕ್ಕಾಲಿಗೆ ಹುಡುಗಿಯ ಹೆಸರು ಪಟ್ಟಿಯ ಕೊನೆಯಲ್ಲಿ ಬಂತು. ಅವಳ ಪತ್ರಿಕೆಯಲ್ಲಿ ಎರಡು ಸೊನ್ನೆ ಹೊಡೆದು ಒಂದು, ಒಂದು ಅಂತ ಹಾಕಿ, ಮೊತ್ತ ಮೂವತ್ತು ಮಾಡಿ, ತಿದ್ದಿದ ಕಡೆಯೆಲ್ಲ ಚಿಕ್ಕ ಸಹಿ ಹಾಕಿದೆ.

ಸ್ಟಾಫ್ ರೂಮಿಗೆ ಬಂದರೆ ಅವಳು ಬೆಳಿಗ್ಗೆ ಕೂತ ಜಾಗದಲ್ಲೇ ಕೂತಿದ್ದಳು. ಊಟ ಮಾಡಿರಲಿಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು. ನಾನೂ ಮಾಡಿರಲಿಲ್ಲ. ಪಟ್ಟಿ ತೋರಿಸಿದೆ. ತನ್ನ ಹೆಸರಿನ ಮೇಲೆ ಒಂದು ಬೆಳ್ಳಗಿನ ಬೆರಳಿಟ್ಟು ಓದಿದಳು, ಮತ್ತೊಂದು ಸಲ ಓದಿದಳು. ಕಣ್ಣು ತುಂಬಿತು.

ನಿಜ ಹೇಳಬೇಕಾದರೆ ನಾನು ಒಂದು ಥ್ಯಾಂಕ್ಸಿಗೆ ಕಾಯುತ್ತಿದ್ದೆ. ಬೆಳಿಗ್ಗೆಯಿಂದ ಪಟ್ಟ ಪಾಡಿಗೆ, ಫೈಲಿಗೆ ಹೋದ ಕಾಗದಕ್ಕೆ, ಕೆಂಪಾದ ಹೆಬ್ಬೆರಳಿಗೆ ಅಷ್ಟಾದರೂ ಬೇಡವೇ? ಅವಳು ನನ್ನ ಕೈಯಲ್ಲಿದ್ದ ತನ್ನ ಪತ್ರಿಕೆಯ ಕಡೆ ನೋಡಿದಳು.

"ಮೇಡಂ, ಇದನ್ನೂ ಕಾರ್ಖಾನೆಗೆ ಕಳಿಸ್ತಾರಾ?"

"ಹೂಂ, ಎಲ್ಲಾ ಪತ್ರಿಕೆ ಹೋಗ್ತವೆ. ಸಂದರ್ಶನ ಮಾಡೋರು ನೋಡ್ತಾರೆ."

ಅವಳು ಆ ಸುಕ್ಕುಬಿದ್ದ ಬೆರಳಿನಿಂದ ಕೆಂಪು ಸಾಲನ್ನು ಮುಟ್ಟಿದಳು.

"ಹಂಗಾದ್ರೆ ಇದನ್ನೂ ಹೊಡೀರಿ ಮೇಡಂ."

ಕೊಟ್ಟದ್ದನ್ನು ಬಿಟ್ಟು ಅತಿಬುದ್ಧಿವಂತಿಕೆ ಬೇಡ. ಅಂಕ ತಿದ್ದಿದ್ದೆ, ಮೊತ್ತ ತಿದ್ದಿದ್ದೆ, ಪಟ್ಟಿ ತಿದ್ದಿಸಿದ್ದೆ. ಈ ಸಾಲನ್ನು ಹೊಡೆಯಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ಒಂದು ಗಳಿಗೆ ನನಗೆ ರೇಗಿತು, ಇವಳಿಗೆ ಎಷ್ಟು ಮಾಡಿದರೂ ಸಾಲದಲ್ಲ ಅಂತ. ಆಮೇಲೆ ನಾಚಿಕೆಯಾಯಿತು. ಬೆಳಿಗ್ಗೆ ಹತ್ತೂವರೆಗೆ ಅವಳು ನೋಡಿದ್ದು ಈ ಸಾಲನ್ನು. ಆಮೇಲೆ ಐದು ಗಂಟೆ ಹೊತ್ತು ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು ಕೂತಿದ್ದಳು, ನಾನು ಊರೆಲ್ಲ ಓಡಾಡಿ ಕ್ಯಾಲ್ಕುಲೇಟರು ಹುಡುಕುತ್ತಿದ್ದಾಗ. ಇಪ್ಪತ್ತೆಂಟು ಅಂಕಕ್ಕಿಂತ ಅವಳಿಗೆ ಹೆಚ್ಚು ಚುಚ್ಚಿದ್ದು ಯಾವುದು ಅಂತ ಕೇಳಬೇಕಾಗಿರಲಿಲ್ಲ.

ಹೊರಗೆ ವ್ಯಾನಿನ ಹಾರನ್ ಕೇಳಿಸಿತು. ನಾನು ಪೆನ್ನು ತೆಗೆದು ಆ ಸಾಲನ್ನು ಈ ತುದಿಯಿಂದ ಆ ತುದಿಗೆ ಹೊಡೆದು, ಪಕ್ಕದಲ್ಲಿ ಚಿಕ್ಕ ಸಹಿಯಲ್ಲ, ನನ್ನ ಪೂರ್ತಿ ಹೆಸರು ಬರೆದೆ. ಅದನ್ನು ಓದಿದ ಮೇಲೇ ಅವಳು ಎದ್ದದ್ದು.

"ಬತ್ತೀನಿ ಮೇಡಂ. ಬಸ್ ಹೋಗ್ಬುಡ್ತದೆ. ಬೇಸಿನ್ ಬೇಡ ಅಂತ ಸಂಜೆ ಒಳಗೆ ಹೇಳ್ಬೇಕು," ಅಂದಳು. ಮೆಟ್ಟಿಲು ಇಳಿದು ಗೇಟಿನ ಕಡೆ ಓಡಿದಳು.